ಕಾಗುಣಿತಕ್ಕೆ ಮೊದಲು ಒಂದು ಪತ್ರ

ಕೋಲಾರ ಸೀಮೆಯ ಪಿಯುಸಿ ಹುಡುಗಿಯೊಬ್ಬಳು ‘ನಮ್ಮೂರ ಕೆರೆ’ ಎಂಬ ಪ್ರಬಂಧ ಬರೆದಿದ್ದಾಳೆ ಎಂದಿಟ್ಟುಕೊಳ್ಳಿ. ಮೊದಲ ಎರಡು ಪ್ಯಾರಾ ನೀರಿನ ಮಹತ್ವದ ಬಗ್ಗೆ, ಕೊನೆಯದು ಕೆರೆ ಉಳಿಸೋಣ ಎಂಬ ಕರೆ. ಉದ್ದಕ್ಕೂ ಕಾಗುಣಿತದ ತಪ್ಪುಗಳು. ನಡುವೆ ಮಾತ್ರ ಒಂದು ಸಾಲಿದೆ: ಅವಳ ತಾತ ನೀರುಗಂಟಿ, ಅವರು ತೂಬು ಎತ್ತದೆ ಯಾರ ಗದ್ದೆಗೂ ನೀರು ಹೋಗುತ್ತಿರಲಿಲ್ಲ.

ಮೇಷ್ಟರ ಕೆಂಪು ಪೆನ್ನು ಮೊದಲು ಹೋಗುವುದು ಕಾಗುಣಿತಕ್ಕೆ. ಅಮೆರಿಕದ ಬರವಣಿಗೆಯ ಅಧ್ಯಾಪಕಿ ನ್ಯಾನ್ಸಿ ಸಾಮರ್ಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ. ಅಧ್ಯಾಪಕರು ಒಂದೇ ಪ್ಯಾರಾದಲ್ಲಿ ಅಲ್ಪವಿರಾಮವನ್ನೂ ತಿದ್ದುತ್ತಾರೆ, ಪಕ್ಕದಲ್ಲಿ ‘ಇನ್ನೂ ವಿಸ್ತರಿಸು’ ಎಂದೂ ಬರೆಯುತ್ತಾರೆ. ಆ ವಾಕ್ಯ ಉಳಿಯಬೇಕೋ ಹೋಗಬೇಕೋ ಎಂದು ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಸುಲಭವಾದ ತಪ್ಪುಗಳನ್ನಷ್ಟೇ ತಿದ್ದಿ, ಅದೇ ಪ್ರಬಂಧವನ್ನು ಮತ್ತೆ ಒಪ್ಪಿಸುತ್ತಾರೆ.

ಈ ಹುಡುಗಿಗೆ ನಾನಾದರೆ ಹೀಗೆ ಬರೆಯುತ್ತೇನೆ:

“ನಿನ್ನ ಪ್ರಬಂಧ ಓದಿದೆ. ತಾತನ ವಿಷಯ ಬಂದಾಗ ಇನ್ನಷ್ಟು ತಿಳಿಯಬೇಕೆನಿಸಿತು, ನೀನು ಒಂದೇ ಸಾಲಿಗೆ ಮುಗಿಸಿಬಿಟ್ಟೆ. ಕೆರೆಯಲ್ಲಿ ನೀರು ಕಮ್ಮಿಯಾದ ವರ್ಷ ಯಾರ ಗದ್ದೆಗೆ ಮೊದಲು ಬಿಡುತ್ತಿದ್ದರು? ಜಗಳ ಬಂದರೆ ಏನು ಮಾಡುತ್ತಿದ್ದರು? ಆ ಕೆಲಸಕ್ಕೆ ಊರವರು ಏನು ಕೊಡುತ್ತಿದ್ದರು? ಮನೆಯಲ್ಲಿ ಕೇಳಿಕೊಂಡು ಬಾ. ಮೊದಲ ಎರಡು ಪ್ಯಾರಾ ಯಾವ ಊರಿನ ಕೆರೆಗಾದರೂ ಹೊಂದುತ್ತವೆ. ಅವನ್ನು ಬಿಟ್ಟು ತಾತನಿಂದಲೇ ಶುರುಮಾಡಿ ನೋಡು. ಕಾಗುಣಿತದ ಚಿಂತೆ ಈಗ ಬೇಡ, ಮುಂದಿನ ಕರಡಿನಲ್ಲಿ ಇಬ್ಬರೂ ಕೂತು ತಿದ್ದೋಣ. ಸೋಮವಾರ ತಂದುಕೊಡು.”

ಇಲ್ಲಿ ‘ಚೆನ್ನಾಗಿದೆ’ ಎಂಬ ಮಾತಿಲ್ಲ. ಆದರೂ ಹುಡುಗಿಗೆ ತನ್ನ ಹತ್ತಿರ ಹೇಳುವಂಥದ್ದು ಇದೆ ಎಂದು ತಿಳಿಯುತ್ತದೆ, ಅದು ಎಲ್ಲಿದೆ ಎಂದೂ ತಿಳಿಯುತ್ತದೆ. ಎರಡು ಪ್ಯಾರಾ ಬಿಡು ಎನ್ನುವುದು ಕಠಿಣ ಮಾತೇ. ಏನನ್ನು ಬರೆಯಬೇಕೆಂದು ಮೊದಲು ತೋರಿಸಿದ ಮೇಲೆ ಬಂದದ್ದರಿಂದ ಅವಳು ಅದನ್ನು ತಡೆದುಕೊಳ್ಳುತ್ತಾಳೆ. ಕಾಗುಣಿತವನ್ನು ಮುಂದಕ್ಕೆ ಹಾಕಿದ್ದು ಉದಾಸೀನದಿಂದಲ್ಲ. ಬಿಟ್ಟುಹೋಗಲಿರುವ ವಾಕ್ಯಗಳನ್ನು ತಿದ್ದಿಸಿ ಮಗುವಿನ ಶ್ರಮ ಹಾಳುಮಾಡುವುದು ಅನ್ಯಾಯ.

ಪತ್ರದ ಕೆಳಗೆ ಅಂಕವನ್ನೂ ಹಾಕಬಾರದು. ರೂತ್ ಬಟ್ಲರ್ ಇಸ್ರೇಲಿನ ಶಾಲಾಮಕ್ಕಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಪರೀಕ್ಷೆಯ ಲೆಕ್ಕಕ್ಕೆ ಅಂಕ ಬೇಕೇಬೇಕಿದ್ದರೆ ಕೊನೆಯ ಕರಡಿಗೆ ಕೊಟ್ಟರಾಯಿತು.

ಸೋಮವಾರ ಬಂದ ಹಾಳೆಯಲ್ಲಿ ‘ಮಹತ್ವ’ ಹೋಗಿ ‘ಪ್ರಾಮುಖ್ಯ’ ಬಂದಿದ್ದು, ತಾತ ಇನ್ನೂ ಒಂದೇ ಸಾಲಿನಲ್ಲಿದ್ದರೆ ಪತ್ರ ಅವಳನ್ನು ಮುಟ್ಟಿಲ್ಲ. ಆಗ ಇನ್ನೊಂದು ಪತ್ರ ಬರೆಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ತಾತನ ಬಗ್ಗೆ ಬಾಯಲ್ಲೇ ಹೇಳಲು ಬಿಡಿ, ಅವಳ ಮಾತನ್ನೇ ನೀವು ಬರೆದುಕೊಂಡು ಆ ಹಾಳೆಯನ್ನು ಅವಳ ಕೈಗೆ ಕೊಡಿ. ಎರಡನೇ ಕರಡು ಅಲ್ಲಿಂದ ಶುರುವಾಗಬಹುದು.