ಹನ್ನೆರಡು ಸೆಟ್ ಎಂದು ಬರೆದರೆ ಲೆಕ್ಕ ಸಿಗದು

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ವೇಷಭೂಷಣ ಬಾಡಿಗೆ ಕೊಡುವ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಇವತ್ತು ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿದ ಉಡುಪು ನಾಳೆ ಇನ್ನೊಂದು ಶಾಲೆಗೆ ಹೋಗಬೇಕಾಗಿರುತ್ತದೆ. ಅದಕ್ಕೇ ಅಂಗಡಿಯವರು ಡೆಪಾಸಿಟ್ ಹಿಡಿದಿಟ್ಟುಕೊಂಡು, ವಾಪಸ್ ತಂದಾಗ ಎಲ್ಲವನ್ನೂ ಸುರಿದು ಒಂದೊಂದಾಗಿ ಎಣಿಸುತ್ತಾರೆ. ಟೀಚರ್ ಕೈಯಲ್ಲಿರುವ ಚೀಟಿಯಲ್ಲಿ ಮಾತ್ರ ‘5ನೇ ತರಗತಿ, ಭರತನಾಟ್ಯ, 12 ಸೆಟ್’ ಎಂದಷ್ಟೇ ಇರುತ್ತದೆ. ಜಗಳ ಹುಟ್ಟುವುದು ಇಲ್ಲೇ.

ಒಂದು ಸೆಟ್ಟನ್ನು ಬಿಡಿಸಿ ನೋಡಿ. ಹೊಲಿದು ಸಿದ್ಧಪಡಿಸಿದ ಉಡುಪಿನಲ್ಲಿ ಸಾಮಾನ್ಯವಾಗಿ ಪೈಜಾಮ, ರವಿಕೆ, ಮೇಲುದ, ಮುಂದಿನ ಬೀಸಣಿಗೆ ಮಡಿಕೆ, ಹಿಂದಿನ ಕಟ್ಟು ಎಂದು ಐದು ತುಂಡು. ಒಡವೆಗಳಲ್ಲಿ ಬೈತಲೆ ಬೊಟ್ಟು, ಸೂರ್ಯ, ಚಂದ್ರ, ಎರಡು ಜುಮುಕಿ, ಎರಡು ಮಾಟಿ, ಅಡ್ಡಿಗೆ, ಉದ್ದ ಸರ, ಎರಡು ವಂಕಿ, ಡಾಬು. ಜಡೆಗೆ ಚೌರಿ ಮತ್ತು ಕುಚ್ಚು, ಕಾಲಿಗೆ ಗೆಜ್ಜೆ ಎರಡು. ಒಟ್ಟು 21. ಹನ್ನೆರಡು ಮಕ್ಕಳೆಂದರೆ 252 ತುಂಡು. ಹಾಗೆಂದು 252 ಸಾಲಿನ ಪಟ್ಟಿ ಬರೆದರೆ ಅದನ್ನು ತುಂಬುವವರಿಲ್ಲ. 21 ತುಂಡುಗಳ ಹೆಸರನ್ನು ಹಾಳೆಯ ಮೇಲ್ಭಾಗದಲ್ಲಿ ಒಮ್ಮೆ ಬರೆದು, ಕೆಳಗೆ ಮಗುವಿಗೊಂದು ಸಾಲು ಇಟ್ಟರೆ ಸಾಕು. ಕೊಟ್ಟಾಗ ಒಂದು ಗುರುತು, ಬಂದಾಗ ಒಂದು ಗುರುತು. ಕಡಿಮೆಯಿದ್ದದ್ದನ್ನು ಮಾತ್ರ ಹೆಸರು ಹಿಡಿದು ಬರೆಯುವುದು.

ಸಾಲಿನ ಮೊದಲಿಗೆ ಬರಬೇಕಾದ್ದು ನಂಬರ್. ‘5ಎ–7’ ಎಂದು ಬಟ್ಟೆಪಟ್ಟಿಯ ಮೇಲೆ ಬರೆದು ರವಿಕೆಯ ಒಳಭಾಗಕ್ಕೆ ಪಿನ್ ಹಾಕಿ, ಅದೇ ನಂಬರನ್ನು ಒಡವೆಯ ಪ್ಲಾಸ್ಟಿಕ್ ಚೀಲದ ಮೇಲೂ ಬರೆಯಬೇಕು. ಬರೀ ಹೆಸರು ಬರೆದರೆ ಒಂದೇ ತರಗತಿಯಲ್ಲಿ ಮೂವರು ಅನನ್ಯರು ಸಿಗುತ್ತಾರೆ. ನಂತರ ಅಳತೆ, ಆಮೇಲೆ ವಸ್ತು ಎಲ್ಲಿಂದ ಬಂತು ಎಂಬುದು. ಇದನ್ನು ಬರೆಯುವವರು ಕಡಿಮೆ, ಆದರೆ ನನ್ನ ಮಟ್ಟಿಗೆ ಪಟ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಕಾಲಂ ಇನ್ನೊಂದಿಲ್ಲ. ಅಂಗಡಿಯದು, ಶಾಲೆಯದು, ಮನೆಯದು ಮೂರೂ ಒಂದೇ ಟ್ರಂಕಿನಲ್ಲಿ ಬೆರೆತರೆ ಯಾವುದು ಎಲ್ಲಿಗೆ ಹೋಗಬೇಕೆಂದು ದೇವರೇ ಹೇಳಬೇಕು. ಸುಗ್ಗಿ ಕುಣಿತಕ್ಕೆ ಹತ್ತು ಮನೆಗಳಿಂದ ಮೊರ, ಬಿಂದಿಗೆ ಬರುತ್ತವೆ. ಮೊರಗಳೆಲ್ಲ ನೋಡಲು ಒಂದೇ ಥರ. ಅಜ್ಜಿಗೆ ಮಾತ್ರ ತನ್ನದು ಯಾವುದೆಂದು ಗೊತ್ತು! ಅಂಥವುಗಳ ತಳಕ್ಕೆ ಬಿಳಿ ಟೇಪ್ ಅಂಟಿಸಿ ನಂಬರ್ ಹಾಕದೆ ಒಳಗೆ ತೆಗೆದುಕೊಳ್ಳಬಾರದು.

ಅಂಗಡಿಯಿಂದ ತರುವಾಗಲೇ ಸ್ಥಿತಿ ಬರೆದಿಡಿ. ಹುಕ್ಕು ಕಿತ್ತಿರುವುದು, ಡಾಬಿನ ಕೊಂಡಿ ಸಡಿಲವಾಗಿರುವುದು, ಗೆಜ್ಜೆಪಟ್ಟಿಯಿಂದ ಗಂಟೆ ಉದುರಿರುವುದು ಮೊದಲೇ ಇದ್ದರೂ ಬರೆದಿರದಿದ್ದರೆ ಅದು ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು, ಬಿಲ್ಲಿನ ಹಿಂದೆ ಅಂಗಡಿಯವರ ಸಹಿ ಹಾಕಿಸಿಕೊಂಡರೆ ಒಳ್ಳೆಯದು.

ಇಷ್ಟಾದರೂ ಪಟ್ಟಿ ಸೋಲುವ ಗಳಿಗೆಯೊಂದಿದೆ. ನೃತ್ಯ ಮುಗಿದು ಮಗು ವೇದಿಕೆ ಇಳಿಯುತ್ತದೆ, ಅಪ್ಪ ಅಮ್ಮ ಫೋಟೊಗೆ ಕರೆಯುತ್ತಾರೆ, ಅಲ್ಲಿಂದ ಊಟ, ಊಟದಿಂದ ಬೈಕು. ಒಡವೆ ಕಳೆದುಹೋಗುವುದಕ್ಕಿಂತ ಮನೆಗೆ ಹೋಗಿಬಿಡುವುದೇ ಹೆಚ್ಚು. ಬೇಡ ಎಂದರೆ ಯಾರೂ ಕೇಳುವುದಿಲ್ಲ, ಫೋಟೊ ಬೇಡವೆನ್ನುವುದು ನ್ಯಾಯವೂ ಅಲ್ಲ. ಇದಕ್ಕೆ ಸುಲಭದ ದಾರಿ ಎಂದರೆ ವಿನಿಮಯ. ಮಗು ವೇಷ ಹಾಕುವಾಗ ಕಳಚಿದ ಬಟ್ಟೆ, ಚಪ್ಪಲಿಗಳ ಚೀಲಕ್ಕೆ ಅದೇ ನಂಬರ್ ಕಟ್ಟಿ ಟೀಚರ್ ಬಳಿ ಇಟ್ಟುಕೊಳ್ಳುವುದು. ವೇಷ ಕೊಟ್ಟರೆ ಚೀಲ ಕೈಗೆ. ಫೋಟೊಗೆ ಮೊದಲೇ ಒಂದು ಜಾಗ ಗೊತ್ತುಮಾಡಿ, ಅದರ ಪಕ್ಕದ ಕೊಠಡಿಯಲ್ಲೇ ವಾಪಸಾತಿ ಇಟ್ಟರೆ ಪೋಷಕರು ತಾವಾಗಿಯೇ ಅತ್ತ ಬರುತ್ತಾರೆ.

ಒಂದೇ ವಸ್ತು ಎರಡು ನೃತ್ಯಕ್ಕೆ ಬಳಕೆಯಾಗುವಲ್ಲಿ ಇನ್ನೂ ಎಚ್ಚರ ಬೇಕು. ಆರನೇ ಕಾರ್ಯಕ್ರಮವಾದ ಕೋಲಾಟದ ಪೇಟಗಳನ್ನೇ ಎಂಟನೆಯದಾದ ಡೊಳ್ಳು ಕುಣಿತಕ್ಕೂ ಹೊಂಚಿದ್ದರೆ ನಡುವೆ ಉಳಿಯುವುದು ಒಂದೇ ಹಾಡು. ಅಷ್ಟರಲ್ಲಿ ಹದಿನಾರು ತಲೆಗಳಿಂದ ಬಿಚ್ಚಿ ಹದಿನಾರು ತಲೆಗೆ ಸುತ್ತಲಾಗದು. ಪಟ್ಟಿಯಲ್ಲಿ ಕಾರ್ಯಕ್ರಮದ ಕ್ರಮಸಂಖ್ಯೆ ಬರೆದಿದ್ದರೆ ಇದು ರಿಹರ್ಸಲ್‌ನಲ್ಲೇ ಕಣ್ಣಿಗೆ ಬೀಳುತ್ತದೆ. ಕ್ರಮ ಬದಲಿಸಬಹುದು, ಇಲ್ಲವೇ ಇನ್ನಷ್ಟು ಪೇಟ ತರಿಸಬಹುದು.

ವಾಪಸಾತಿಯ ಕೋಣೆಯಲ್ಲಿ ಇಬ್ಬರಿರಲಿ. ಒಬ್ಬರು ಪಟ್ಟಿಯಿಂದ ಓದುವುದು, ಇನ್ನೊಬ್ಬರು ಚೀಲಕ್ಕೆ ಹಾಕುವುದು. ಒಬ್ಬರೇ ಎರಡೂ ಮಾಡಿದರೆ ಜೋಡಿ ವಸ್ತುಗಳಲ್ಲಿ ಒಂದು ಕಂಡದ್ದೇ ಎರಡೂ ಬಂದಂತೆ ಗುರುತು ಬೀಳುತ್ತದೆ. ಮಾಟಿಯೋ ಚಂದ್ರವೋ ಸಿಗದಿದ್ದರೆ ಮೊದಲು ಚೌರಿಯ ಕೂದಲೊಳಗೆ, ಆಮೇಲೆ ಮೇಲುದದ ಮಡಿಕೆಯಲ್ಲಿ ನೋಡಿ; ಕೊಂಡಿ ಸಿಕ್ಕಿಕೊಂಡು ಕೂರುವುದು ಅಲ್ಲಿಯೇ. ಆಗಲೂ ಸಿಗದ್ದನ್ನು ಆ ಮಗುವಿನ ಸಾಲಿನಲ್ಲಿ ಬರೆದು ರಾತ್ರಿಯೇ ಮನೆಗೆ ಫೋನ್ ಮಾಡಿ. ಅಂಗಡಿಗೆ ಹೋಗುವ ಹೊತ್ತಿಗೂ ಬರದಿದ್ದರೆ ಮುರಿದುಕೊಳ್ಳುವ ಮೊತ್ತವನ್ನು ಕಾರ್ಯಕ್ರಮದ ಖರ್ಚಿಗೇ ಹಾಕುವುದು ಸರಿ. ವೇದಿಕೆಯಲ್ಲಿ ಉದುರಿದ ಜುಮುಕಿಗೆ ಒಂಬತ್ತು ವರ್ಷದ ಮಗುವನ್ನು ಹೊಣೆ ಮಾಡಲಾಗದು. ಶಾಲೆಯ ಸ್ವಂತ ವಸ್ತುಗಳನ್ನು ಒಗೆದು ಒಣಗಿಸಿ ಟ್ರಂಕಿಗೆ ಸೇರಿಸುವಾಗ ಪಟ್ಟಿಯ ಒಂದು ಪ್ರತಿಯನ್ನು ಮುಚ್ಚಳದ ಒಳಗೆ ಅಂಟಿಸಿ. ಮುಂದಿನ ವರ್ಷ ಬೇರೆ ಟೀಚರ್ ಅದನ್ನು ತೆರೆಯುತ್ತಾರೆ.