ವಿದ್ಯಾರ್ಥಿವೇತನ: ಎಷ್ಟು ಮಂದಿಗೆ, ತಲಾ ಎಷ್ಟು?

ಒಂದು ಟ್ರಸ್ಟಿಗೆ ಈ ವರ್ಷ 3,00,000 ರೂಪಾಯಿ ಬಂತು ಎಂದುಕೊಳ್ಳೋಣ. ಅರ್ಜಿ ಮುದ್ರಣ, ಆಡಿಟ್ ಶುಲ್ಕಕ್ಕೆ 15,000 ತೆಗೆದರೆ 2,85,000 ಉಳಿಯುತ್ತದೆ. (ಆದಾಯ ತೆರಿಗೆ ಕಾನೂನಿನ ಶೇ. 15 ಆಡಳಿತದ ಪಾಲಲ್ಲ. ಟ್ರಸ್ಟ್ ಆ ವರ್ಷ ಖರ್ಚು ಮಾಡದೆ ಉಳಿಸಿಕೊಳ್ಳಬಹುದಾದ ಪಾಲು.)

60 ಅರ್ಜಿಗಳಿಗೂ ಹಂಚಿದರೆ ತಲಾ 4,750. ಚಿಕ್ಕಪಡಸಲಗಿಯಿಂದ ಜಮಖಂಡಿಗೆ ಬರುವವರಿಗೆ ಶುಲ್ಕ, ಪುಸ್ತಕ, ಬಸ್ ಪಾಸ್ ಸೇರಿ 9,000 ಬೇಕಿದ್ದರೆ, ಅರ್ಧ ಹಣ ಸಿಕ್ಕವರು ನಡುವೆಯೇ ಕಾಲೇಜು ಬಿಡಬಹುದು. ಹಾಗಾಗಿ ಮೊದಲು ಮೊತ್ತ ನಿಗದಿಯಾಗಬೇಕು, ಸಂಖ್ಯೆ ಆಮೇಲೆ. ತಲಾ 9,000ದಂತೆ 31 ಮಂದಿಗೆ ಆಗುತ್ತದೆ.

ಆದರೆ ಪಿಯುಸಿ ಎರಡು ವರ್ಷದ್ದು. 31 ಮಂದಿಯೂ ಪ್ರಥಮ ಪಿಯುಸಿಯವರಾದರೆ, ಬರುವ ವರ್ಷ ಇಷ್ಟೇ ಹಣ ಬಂದರೂ ಹೊಸಬರಿಗೆ ಏನೂ ಇರುವುದಿಲ್ಲ. ಪ್ರಥಮದಿಂದ 15, ದ್ವಿತೀಯದಿಂದ 16 ಮಂದಿಯನ್ನು ಆರಿಸಿದರೆ, ಬರುವ ವರ್ಷ ಆ 15 ಮಂದಿಯ 1,35,000 ತೆಗೆದಿಟ್ಟು 16 ಹೊಸಬರನ್ನು ಸೇರಿಸಬಹುದು. ಮಿಕ್ಕ 6,000 ಶುಲ್ಕ ಏರಿದರೆ ಬೇಕಾಗುತ್ತದೆ.