ರೈಟ್ಸ್ ಇಶ್ಯೂ: ಸುಮ್ಮನಿದ್ದರೆ ಕಳೆದುಕೊಳ್ಳುವುದೇನು?

ನೀವು ಕೊಳ್ಳದೇ ಇದ್ದರೂ ಡಿಮ್ಯಾಟ್ ಖಾತೆಯಲ್ಲಿ ‘ಆರ್‌ಇ’ ಅಂತ ಏನೋ ಬಂದು ಕೂತಿದೆಯಾ? ಅದು ರೈಟ್ಸ್ ಎಂಟೈಟಲ್‌ಮೆಂಟ್. ಅಂದರೆ, ಕಂಪನಿಯ ಹೊಸ ಷೇರನ್ನು ಕಡಿಮೆ ಬೆಲೆಗೆ ಕೊಳ್ಳಲು ನಿಮಗಿರುವ ಹಕ್ಕು.

2020ರ ರಿಲಯನ್ಸ್ ರೈಟ್ಸ್ ಇಶ್ಯೂ ನೋಡಿ. ಅನುಪಾತ, ಪ್ರತಿ 15 ಷೇರಿಗೆ 1 ಹೊಸ ಷೇರು. ರೆಕಾರ್ಡ್ ಡೇಟ್ ಮೇ 14. ಅವತ್ತು 150 ಷೇರು ಇಟ್ಟುಕೊಂಡಿದ್ದವರಿಗೆ 10 ಆರ್‌ಇ ಸಿಕ್ಕವು. ಹೊಸ ಷೇರಿನ ಬೆಲೆ 1,257 ರೂಪಾಯಿ. ಮೇ 20ಕ್ಕೆ ಇಶ್ಯೂ ತೆರೆದಾಗ ಮಾರುಕಟ್ಟೆಯಲ್ಲಿ ಷೇರು 1,400 ದಾಟಿತ್ತು. ಅರ್ಜಿಯ ಜೊತೆ ಕಾಲು ಭಾಗ ಕಟ್ಟಿದರೆ ಸಾಕು, ಉಳಿದದ್ದು ಆಮೇಲೆ ಕಂತಿನಲ್ಲಿ.

ಕೈಯಲ್ಲಿ ದುಡ್ಡಿಲ್ಲವೇ? ಆರ್‌ಇಯನ್ನೇ ಷೇರಿನ ಹಾಗೆ ಮಾರಬಹುದಿತ್ತು. ಆದರೆ ಗಮನಿಸಿ: ಅರ್ಜಿಗೆ ಜೂನ್ 3ರವರೆಗೆ ಸಮಯವಿತ್ತು, ಮಾರಾಟ ಮಾತ್ರ ಮೇ 29ಕ್ಕೇ ಮುಗಿಯಿತು.

ಎರಡನ್ನೂ ಮಾಡದಿದ್ದರೆ? ಆರ್‌ಇ ಲ್ಯಾಪ್ಸ್, ಒಂದು ಪೈಸೆಯೂ ಬರಲ್ಲ. ಹಳೆಯ 150 ಷೇರು ಹಾಗೇ ಇರುತ್ತವೆ, ಆದರೆ ಕಂಪನಿಯಲ್ಲಿ ನಿಮ್ಮ ಪಾಲು ತುಸು ಕಿರಿದಾಗುತ್ತದೆ.

ಸುಮ್ಮನಿರುವುದೇ ಸರಿ ಅನ್ನುವ ಸಂದರ್ಭವೂ ಒಂದಿದೆ: ಮಾರುಕಟ್ಟೆ ಬೆಲೆ ಇಶ್ಯೂ ಬೆಲೆಗಿಂತ ಕೆಳಗೆ ಇಳಿದು, ಆರ್‌ಇಯನ್ನು ಕೊಳ್ಳುವವರೇ ಇಲ್ಲದಿದ್ದಾಗ.